ದೀರ್ಘಾವಧಿ ಅನಾರೋಗ್ಯ ರಜೆಯ ಅರ್ಜಿ: ದೈಹಿಕ ಅರ್ಹತಾ ಪ್ರಮಾಣಪತ್ರವನ್ನು ಉಲ್ಲೇಖಿಸುವ ಕ್ರಮ

ಕಲಿಕೆಯ ಉದ್ದೇಶ: ದೀರ್ಘಕಾಲದ ಅನಾರೋಗ್ಯಕ್ಕಾಗಿ ರಜೆ ಕೋರುವಾಗ ಹಾಗೂ ಕೆಲಸಕ್ಕೆ ಮರಳುವಾಗ ದೈಹಿಕ ಅರ್ಹತಾ ಪ್ರಮಾಣಪತ್ರವನ್ನು ಯಾವ ಪತ್ರದಲ್ಲಿ, ಯಾವ ಕ್ರಿಯಾರೂಪದಲ್ಲಿ ಉಲ್ಲೇಖಿಸಬೇಕೆಂಬುದನ್ನು ವಿದ್ಯಾರ್ಥಿಗಳು ಅರಿತು ಬರೆಯುವುದು.

ಪತ್ರಲೇಖನದ ಪಾಠದಲ್ಲಿ ರಜೆ ಅರ್ಜಿಯನ್ನು ಸಾಮಾನ್ಯವಾಗಿ ಒಂದೆರಡು ದಿನಗಳ ಜ್ವರಕ್ಕೆ ಸೀಮಿತಗೊಳಿಸಿ ಕಲಿಸಲಾಗುತ್ತದೆ. ಅಂತಹ ಅರ್ಜಿಗೆ ಒಂದು ಪತ್ರ ಸಾಕು. ಅನಾರೋಗ್ಯ ವಾರಗಟ್ಟಲೆ ಮುಂದುವರಿದರೆ ಎರಡು ಪತ್ರಗಳು ಬೇಕಾಗುತ್ತವೆ: ರಜೆ ಕೋರುವ ಪತ್ರ ಮತ್ತು ಕೆಲಸಕ್ಕೆ ಹಾಜರಾಗುವ ಪತ್ರ. ಇವುಗಳ ಜೊತೆಗೆ ಎರಡು ಬಗೆಯ ವೈದ್ಯಕೀಯ ದಾಖಲೆಗಳೂ ಇರುತ್ತವೆ. ಮೊದಲನೆಯದು ವ್ಯಕ್ತಿ ರೋಗದಿಂದ ಕೆಲಸ ಮಾಡಲಾರನೆಂದು ಹೇಳುತ್ತದೆ. ಎರಡನೆಯದು, ಅಂದರೆ ಜನರು ಫಿಟ್‌ನೆಸ್ ಸರ್ಟಿಫಿಕೇಟ್ ಎಂದು ಕರೆಯುವ ದೈಹಿಕ ಅರ್ಹತಾ ಪ್ರಮಾಣಪತ್ರವು, ಆತನು ಮತ್ತೆ ಕೆಲಸ ಮಾಡಬಲ್ಲನೆಂದು ಹೇಳುತ್ತದೆ. ರಜೆ ಕೋರುವ ದಿನ ಎರಡನೆಯ ದಾಖಲೆ ಇನ್ನೂ ಹುಟ್ಟಿಯೇ ಇರುವುದಿಲ್ಲ. ಆದುದರಿಂದ ಮೊದಲ ಪತ್ರದಲ್ಲಿ ಅದು ಒಂದು ವಾಗ್ದಾನವಾಗಿ ಮಾತ್ರ ಬರುತ್ತದೆ, ಎರಡನೆಯ ಪತ್ರದಲ್ಲಿ ಲಗತ್ತಾಗಿ ಬರುತ್ತದೆ. ಈ ಪಾಠದ ತಿರುಳು ಇಷ್ಟೇ.

ಹಿನ್ನೆಲೆ

ಹೊಸೂರಿನ ಮೂಕಂಡಪಲ್ಲಿಯಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶವಿದೆ. ಈ ಭಾಗದ ಕನ್ನಡ ಮಕ್ಕಳಲ್ಲಿ ಕಾರ್ಖಾನೆಯಲ್ಲಿ ದುಡಿಯುವ ತಂದೆ, ತಾಯಿ, ಅಣ್ಣಂದಿರನ್ನು ಉಳ್ಳವರು ಇದ್ದಾರೆ. ಆದ್ದರಿಂದ ಪಾಠದ ಉದಾಹರಣೆಯನ್ನು ಅಲ್ಲಿಂದಲೇ ಆರಿಸಿಕೊಳ್ಳಬಹುದು. ಇ.ಎಸ್.ಐ. ವಿಮೆಗೆ ಒಳಪಟ್ಟ ಕಾರ್ಮಿಕನಿಗೆ ಅನಾರೋಗ್ಯವಾದಾಗ ವಿಮಾ ವೈದ್ಯರು ಮೊದಲ ಪ್ರಮಾಣಪತ್ರವನ್ನು ನೀಡುತ್ತಾರೆ. ರೋಗ ಮುಂದುವರಿದರೆ ಮಧ್ಯಂತರ ಪ್ರಮಾಣಪತ್ರಗಳನ್ನೂ, ಗುಣವಾದಾಗ ಅಂತಿಮ ಪ್ರಮಾಣಪತ್ರವನ್ನೂ ನೀಡುತ್ತಾರೆ. ಕಾರ್ಮಿಕನು ಯಾವ ದಿನದಿಂದ ಕೆಲಸಕ್ಕೆ ಅರ್ಹನೆಂಬುದನ್ನು ಹೇಳುವುದು ಈ ಅಂತಿಮ ಪ್ರಮಾಣಪತ್ರವೇ. ಪರೀಕ್ಷಿಸಿದ ದಿನದಿಂದ ಮೂರನೆಯ ದಿನದೊಳಗೆ ಆತನು ಅರ್ಹನಾಗುವನೆಂದು ವೈದ್ಯರಿಗೆ ತೋರಿದಾಗ ಮಾತ್ರ ಅದನ್ನು ಕೊಡಲಾಗುತ್ತದೆ. ಅಂದರೆ ವಾರಗಳ ಮುಂಚೆಯೇ ಅದನ್ನು ಪಡೆದಿಟ್ಟುಕೊಳ್ಳಲು ಸಾಧ್ಯವಿಲ್ಲ. ಸರ್ಕಾರಿ ನೌಕರರಿಗೂ ಇಂತಹ ನಿಯಮವೇ ಇದೆ. ವೈದ್ಯಕೀಯ ಪ್ರಮಾಣಪತ್ರದ ಮೇಲೆ ರಜೆ ಪಡೆದವರು ಅರ್ಹತಾ ಪ್ರಮಾಣಪತ್ರವನ್ನು ಹಾಜರುಪಡಿಸದೆ ಕರ್ತವ್ಯಕ್ಕೆ ಮರಳುವಂತಿಲ್ಲವೆಂದು ಮೂಲ ನಿಯಮಗಳ 71ನೆಯ ನಿಯಮ ವಿಧಿಸುತ್ತದೆ.

ಮಾದರಿ ಪ್ರಸಂಗ

ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವ ಕಾರ್ಮಿಕನೊಬ್ಬನಿಗೆ ಕಾಮಾಲೆಯಾಗಿದೆಯೆಂದು ಊಹಿಸಿಕೊಳ್ಳೋಣ. 2.6.2025, ಸೋಮವಾರದಿಂದ ಆತನು ಕೆಲಸಕ್ಕೆ ಹೋಗಿಲ್ಲ. ಸುಮಾರು ಐದು ವಾರ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದ್ದಾರೆ. ಆತನ ಮೊದಲ ಪತ್ರದ ಒಡಲು ಹೀಗಿರಬಹುದು:

“ಮಾನ್ಯರೆ, ನನಗೆ ಕಾಮಾಲೆಯಾಗಿರುವುದರಿಂದ 2.6.2025ರಿಂದ 6.7.2025ರವರೆಗೆ 35 ದಿನಗಳ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ವಿಮಾ ವೈದ್ಯರು ನೀಡಿದ ಮೊದಲ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ. ಮುಂದಿನ ಪ್ರಮಾಣಪತ್ರಗಳನ್ನು ಅವು ದೊರೆತಂತೆ ಕಳುಹಿಸುತ್ತೇನೆ. ಕೆಲಸಕ್ಕೆ ಮರಳುವ ದಿನ ದೈಹಿಕ ಅರ್ಹತೆಯನ್ನು ತಿಳಿಸುವ ಅಂತಿಮ ಪ್ರಮಾಣಪತ್ರವನ್ನು ಸಲ್ಲಿಸುತ್ತೇನೆ.”

ವೈದ್ಯರು 5.7.2025, ಶನಿವಾರ ಆತನನ್ನು ಪರೀಕ್ಷಿಸಿ ಸೋಮವಾರದಿಂದ ಕೆಲಸ ಮಾಡಬಹುದೆಂದು ಬರೆದುಕೊಡುತ್ತಾರೆ. ಆಗಿನ ಪತ್ರ ಹೀಗಿರುತ್ತದೆ:

“ಮಾನ್ಯರೆ, 2.6.2025ರಿಂದ 6.7.2025ರವರೆಗೆ ಅನಾರೋಗ್ಯ ರಜೆಯಲ್ಲಿದ್ದ ನಾನು ಈ ದಿನ, 7.7.2025ರಂದು, ಕೆಲಸಕ್ಕೆ ಹಾಜರಾಗಿದ್ದೇನೆ. 7.7.2025ರಿಂದ ನಾನು ಕೆಲಸಕ್ಕೆ ಅರ್ಹನೆಂದು ವೈದ್ಯರು ಪ್ರಮಾಣೀಕರಿಸಿದ್ದಾರೆ. 5.7.2025ರ ಅಂತಿಮ ಪ್ರಮಾಣಪತ್ರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.”

ಭಾಷಾ ವಿವೇಚನೆ

ಮೊದಲ ಪತ್ರದ ಕೊನೆಯ ವಾಕ್ಯವನ್ನು ತರಗತಿಯಲ್ಲಿ ಬಿಡಿಸಿ ನೋಡಬೇಕು. ‘ಸಲ್ಲಿಸುತ್ತೇನೆ’ ಎಂಬ ರೂಪವು ವ್ಯಾಕರಣದಲ್ಲಿ ವರ್ತಮಾನ, ಬಳಕೆಯಲ್ಲಿ ಭವಿಷ್ಯತ್ತೂ ಹೌದು. “ಅರ್ಹತಾ ಪ್ರಮಾಣಪತ್ರವನ್ನು ಸಲ್ಲಿಸುತ್ತೇನೆ” ಎಂದಷ್ಟೇ ಬರೆದರೆ ಓದುವ ಅಧಿಕಾರಿ ಅದನ್ನು ಪತ್ರದ ಜೊತೆಯಲ್ಲಿ ಹುಡುಕಬಹುದು, ಕಾಣದಿದ್ದಾಗ ಅರ್ಜಿ ಅಪೂರ್ಣವೆಂದು ಹಿಂದಿರುಗಿಸಲೂಬಹುದು. ಈ ಸಂದಿಗ್ಧವನ್ನು ಕಳೆಯುವುದು ‘ಕೆಲಸಕ್ಕೆ ಮರಳುವ ದಿನ’ ಎಂಬ ಕಾಲಸೂಚಕ ಪದಗುಚ್ಛ. ‘ಸಲ್ಲಿಸುವೆನು’ ಎಂಬ ರೂಪದಲ್ಲಿ ಭವಿಷ್ಯತ್ತು ಸ್ಪಷ್ಟವಾಗಿದ್ದರೂ ಯಾವಾಗ ಎಂಬ ಪ್ರಶ್ನೆ ಉಳಿಯುತ್ತದೆ. ಆದುದರಿಂದ ಕ್ರಿಯಾಪದ ಯಾವುದೇ ಇರಲಿ, ಕಾಲಸೂಚಕವನ್ನು ಬಿಡಬಾರದು. ಈ ಪತ್ರವನ್ನು ಮನೆಯವರು ಮುಂದೆ ತಮಿಳಿಗೋ ಇಂಗ್ಲಿಷಿಗೋ ತಿರುಗಿಸಿ ಕೊಡಬೇಕಾಗಿ ಬಂದಾಗಲೂ ಅರ್ಥ ಕೆಡದಂತೆ ಕಾಯುವುದು ಅದೇ.

ಎರಡನೆಯ ಪತ್ರದಲ್ಲಿ ಗಮನಿಸಬೇಕಾದದ್ದು ಕರ್ತೃಪದ. ವಿದ್ಯಾರ್ಥಿಗಳು “ನಾನು ಸಂಪೂರ್ಣ ಗುಣಮುಖನಾಗಿದ್ದೇನೆ” ಎಂದು ಬರೆಯುವುದುಂಟು. ಅದು ರೋಗಿಯ ಅನುಭವದ ಮಾತು. ಕೆಲಸಕ್ಕೆ ಅರ್ಹನೆಂಬುದು ವೈದ್ಯರ ನಿರ್ಣಯ. ಅದನ್ನು ‘ಎಂದು ವೈದ್ಯರು ಪ್ರಮಾಣೀಕರಿಸಿದ್ದಾರೆ’ ಎಂಬ ಅನ್ಯೋಕ್ತಿಯಲ್ಲಿಯೇ ಹೇಳಬೇಕು. ಗುಣಮುಖನಾದವನಿಗೂ ಕೆಲವು ದಿನ ಭಾರ ಎತ್ತಬಾರದೆಂದು ವೈದ್ಯರು ಸೂಚಿಸಿರಬಹುದು. ಹಾಗೆ ಸೂಚಿಸಿದ್ದರೆ ಪತ್ರದಲ್ಲಿ ಅದೂ ಬರಬೇಕು: “ಎರಡು ವಾರಗಳ ಕಾಲ ಭಾರ ಎತ್ತುವ ಕೆಲಸ ಮಾಡಬಾರದೆಂದು ವೈದ್ಯರು ಸೂಚಿಸಿದ್ದಾರೆ.” ಈ ಒಂದು ವಾಕ್ಯವನ್ನು ಬಿಟ್ಟರೆ, ಹಾಜರಾದ ಮೊದಲ ದಿನವೇ ಆತನನ್ನು ಹಳೆಯ ಕೆಲಸಕ್ಕೆ ಹಚ್ಚುವುದನ್ನು ತಡೆಯುವುದು ಕಷ್ಟ.

ದಿನಾಂಕಗಳ ಹೊಂದಾಣಿಕೆ

ಬರೆದು ಮುಗಿದ ಮೇಲೆ ಮೂರು ದಿನಾಂಕಗಳನ್ನು ಒಂದರ ಕೆಳಗೊಂದು ಬರೆದು ನೋಡುವ ರೂಢಿಯನ್ನು ಮಾಡಿಸಬೇಕು: ರಜೆ ಮುಗಿಯುವ ದಿನ, ಪ್ರಮಾಣಪತ್ರದಲ್ಲಿರುವ ಅರ್ಹತೆಯ ದಿನ, ಹಾಜರಾದ ದಿನ. ಮೇಲಿನ ಪ್ರಸಂಗದಲ್ಲಿ ರಜೆ 6ಕ್ಕೆ ಮುಗಿಯುತ್ತದೆ, ಅರ್ಹತೆ 7ರಿಂದ ಆರಂಭವಾಗುತ್ತದೆ, ಹಾಜರಿಯೂ 7ರಂದೇ ಇದೆ. ನಡುವೆ ಬಿಡುವಿಲ್ಲ. ಅದೇ ಕಾರ್ಮಿಕನು ಬುಧವಾರ, 9ರಂದು ಹಾಜರಾಗಿದ್ದರೆ 7 ಮತ್ತು 8ನೆಯ ತಾರೀಖುಗಳಿಗೆ ಯಾವ ದಾಖಲೆಯ ಆಸರೆಯೂ ಇರುವುದಿಲ್ಲ, ಏಕೆಂದರೆ ಆ ದಿನಗಳಲ್ಲಿ ಆತನು ಅರ್ಹನಾಗಿದ್ದನೆಂದು ಪ್ರಮಾಣಪತ್ರವೇ ಹೇಳುತ್ತದೆ. ಆ ಎರಡು ದಿನಗಳಿಗೆ ಅನಾರೋಗ್ಯವನ್ನು ಮುಂದೊಡ್ಡದೆ, ನಿಜವಾದ ಕಾರಣವನ್ನು ಹೇಳಿ ಬೇರೆ ರಜೆ ಕೋರಬೇಕು. ಪ್ರಮಾಣಪತ್ರದ ದಿನಾಂಕವನ್ನು ತಿದ್ದುವುದು ಯಾವ ಕಾರಣಕ್ಕೂ ಸಲ್ಲದು.

ಅಭ್ಯಾಸ

1. ‘ಅರ್ಹತಾ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ’ ಎಂಬ ವಾಕ್ಯ ರಜೆ ಕೋರುವ ಪತ್ರದಲ್ಲಿ ಏಕೆ ಹೊಂದುವುದಿಲ್ಲ? ಕಾರಣ ನೀಡಿ, ವಾಕ್ಯವನ್ನು ತಿದ್ದಿ ಬರೆಯಿರಿ.

2. ಟೈಫಾಯ್ಡ್‌ನಿಂದ 4.8.2025ರಿಂದ 24.8.2025ರವರೆಗೆ ರಜೆಯಲ್ಲಿದ್ದ ಕಾರ್ಮಿಕಳೊಬ್ಬಳನ್ನು 23.8.2025ರಂದು ಪರೀಕ್ಷಿಸಿದ ವೈದ್ಯರು, 25ರಿಂದ ಅರ್ಹಳೆಂದು ಬರೆದುಕೊಟ್ಟಿದ್ದಾರೆ. ಆಕೆ ಹಾಜರಾದದ್ದು 26ರಂದು. ಆಕೆಯ ಪರವಾಗಿ ಹಾಜರಾತಿ ಪತ್ರವನ್ನು ಬರೆಯಿರಿ.

ಶಿಕ್ಷಕರಿಗೆ ಸೂಚನೆ: ಎರಡನೆಯ ಅಭ್ಯಾಸದಲ್ಲಿ 25ನೆಯ ತಾರೀಖನ್ನು ವಿದ್ಯಾರ್ಥಿ ಹೇಗೆ ನಿಭಾಯಿಸಿದ್ದಾನೆಂಬುದನ್ನು ಮೊದಲು ನೋಡಬೇಕು. ಆ ಒಂದು ದಿನವನ್ನು ಗುರುತಿಸಿ ಪ್ರತ್ಯೇಕ ರಜೆ ಕೋರಿದ್ದರೆ ಪಾಠದ ಉದ್ದೇಶ ಈಡೇರಿತೆಂದು ತಿಳಿಯಬಹುದು. ಅದನ್ನು ಅನಾರೋಗ್ಯ ರಜೆಯಲ್ಲಿಯೇ ಸೇರಿಸಿದ್ದರೆ, ಮೂರು ದಿನಾಂಕಗಳನ್ನು ಕಪ್ಪುಹಲಗೆಯ ಮೇಲೆ ಮತ್ತೊಮ್ಮೆ ಬರೆಸಿ ಹೋಲಿಸಿ ತೋರಿಸಬೇಕು.