ಕಾಪುವಿನಲ್ಲಿ ತೂಗಿದ ತಿರುಳು

ಭಾವನ ದಾಕ್ಷಿಣ್ಯಕ್ಕೆ ಬಿದ್ದು ಒಪ್ಪಿಕೊಂಡ ಆಡಿಟ್ ಅದು. ಕಾರ್ಕಳದ ಹತ್ತಿರದ ಗೇರುಬೀಜ ಕಾರ್ಖಾನೆ. "ಹಳೇ ಆಡಿಟರಿಗೆ ಕೊಟ್ಟದ್ದಕ್ಕೆ ಸ್ವಲ್ಪ ಸೇರಿಸಿ ಹೇಳು, ಸಾಕು" ಎಂದ ಭಾವ. ಒಂದು ಲಕ್ಷ ಎಂದೆ. ಆಮೇಲೆ ಅದಕ್ಕೆ ಹೊಂದುವ ಹಾಗೆ 80 ಗಂಟೆಯ ಬಜೆಟ್ ಬರೆದೆ. ಮೊದಲು ದಾಸ್ತಾನು ಎಲ್ಲೆಲ್ಲಿದೆ ಎಂದು ನೋಡಿ, ಗಂಟೆ ಲೆಕ್ಕ ಹಾಕಿ, ಕೊನೆಗೆ ಫೀಸು ಹೇಳಬೇಕಿತ್ತು.

2023ರ ಸೆಪ್ಟೆಂಬರ್ 27ರ ರಾತ್ರಿ, ಮಣಿಪಾಲದ ಆಫೀಸು. ಟ್ಯಾಕ್ಸ್ ಆಡಿಟ್ ವರದಿಗೆ 30ನೇ ತಾರೀಕು ಕೊನೆ. ಟೈಮ್‌ಶೀಟಿನಲ್ಲಿ 78 ಗಂಟೆ. ವಾಸ್ತವದಲ್ಲಿ ನೂರು ದಾಟಿತ್ತು. ಬಜೆಟ್ ಮೀರಿದರೆ ನಾನು ಬಯ್ಯುತ್ತೇನೆಂದು ಆರ್ಟಿಕಲ್ ಹುಡುಗರು ಹನ್ನೊಂದು ಗಂಟೆ ಕೂತ ದಿನವೂ ಎಂಟೇ ಬರೆದಿದ್ದರು. ಆ ಸುಳ್ಳಿಗೆ ಕಾರಣ ನಾನೇ.

ಮಲಗುವ ಮೊದಲು ಇಳುವರಿ ತಾಳೆ ನೋಡಿದೆ. ಒಡೆದ ಕಚ್ಚಾ ಬೀಜ 80 ಕಿಲೋದ 3,200 ಚೀಲ, ಅಂದರೆ 256 ಟನ್. ಆ ಕಾರ್ಖಾನೆಯ ಹಿಂದಿನ ವರ್ಷಗಳಂತೆ ಶೇ. 25 ಹಿಡಿದರೆ 64 ಟನ್ ತಿರುಳು ಬರಬೇಕು. ಪುಸ್ತಕದಲ್ಲಿದ್ದದ್ದು 56. ಎಂಟು ಟನ್ ಎಲ್ಲಿ? ಸಿಪ್ಪೆ ಸುಲಿಯಲು ಕಾಪುವಿಗೆ ಕಳಿಸುತ್ತಾರೆಂದು ದಾಸ್ತಾನು ನೋಡಿದ ಆರ್ಟಿಕಲ್ ಹುಡುಗನಿಗೆ ಗೊತ್ತಿತ್ತು. "ಅಲ್ಲಿ ಏನೂ ಬಾಕಿ ಇಲ್ಲ" ಎಂದು ಧಣಿಗಳ ಮ್ಯಾನೇಜರ್ ಬರೆದುಕೊಟ್ಟ ಕಾಗದ ಇಟ್ಟು, ಮುಗಿಯಿತು ಎಂದು ಟಿಕ್ ಹಾಕಿದ್ದ. ಸುಲಿಯುವವರನ್ನು ಕೇಳಿಯೇ ಇರಲಿಲ್ಲ. ಸಹಿ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಕಲು ಪೆನ್ನು ತೆಗೆದದ್ದೂ ನಿಜ. ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಮಳೆಯಲ್ಲೇ ಕಾಪುವಿಗೆ ಹೋದೆವು. ಇದ್ದ ತಿರುಳನ್ನು ತೂಗಿದೆವು. ಏಪ್ರಿಲ್ ಒಂದರಿಂದ ಬಂದದ್ದನ್ನು ಚಲನ್ ನೋಡಿ ಕಳೆದು, ಹೋದದ್ದನ್ನು ಕೂಡಿಸಿ, ಮಾರ್ಚ್ 31ಕ್ಕೆ ಎಷ್ಟಿತ್ತೆಂದು ಹಿಂದಕ್ಕೆ ಲೆಕ್ಕ ಹಾಕಿದೆವು. ಐದೂವರೆ ಟನ್ ಅಲ್ಲೇ ಇತ್ತು. ಉಳಿದದ್ದರಲ್ಲಿ ಹೆಚ್ಚಿನದು ಹುಳ ಹಿಡಿದ ಬೀಜ. ಅದರ ರಿಜಿಸ್ಟರೂ ಸಿಕ್ಕಿತು. ದಾಸ್ತಾನು ಸುಮಾರು 30 ಲಕ್ಷ ಏರಿತು, ಲಾಭವೂ ಅಷ್ಟೇ ಏರಿತು. ತಿದ್ದುಪಡಿ ಆದ ಮೇಲೆ, 30ರ ಸಂಜೆ ಸಹಿ ಹಾಕಿದೆ.

ಒಟ್ಟು 136 ಗಂಟೆ. ಹೆಚ್ಚಿನ 56ರಲ್ಲಿ 24 ನಮ್ಮದೇ ತಪ್ಪಿನದು, ಅದನ್ನು ಕೇಳಲಿಲ್ಲ. ಮುಚ್ಚಿಟ್ಟ ದಾಸ್ತಾನಿನಿಂದಾದ 32 ಗಂಟೆಗೆ, ಗಂಟೆಗೆ 1,250ರಂತೆ 40,000 ಕೇಳಿದೆ. "ಮೊದಲೇ ಹೇಳ್ಬೇಕಿತ್ತಲ್ಲ ಮಾರಾಯ್ರೆ" ಎಂದು ಧಣಿಗಳು ಅರ್ಧ ಕೊಟ್ಟರು. ಒಪ್ಪಂದ ಪತ್ರದಲ್ಲಿ ನಾನು ಬರೆದಿರಲಿಲ್ಲ, ವಾದಿಸುವುದಕ್ಕೆ ಏನೂ ಇರಲಿಲ್ಲ.

ಈಗ ಪತ್ರದಲ್ಲೇ ಬರೆಯುತ್ತೇನೆ: ಸರಕು ಎಷ್ಟು ಜಾಗದಲ್ಲಿದೆ, ಯಾವ ಪಟ್ಟಿ ಯಾವ ದಿನ ಕೊಡಬೇಕು, ತಪ್ಪಿದರೆ ಗಂಟೆಗೆ ಎಷ್ಟು. ಬಜೆಟ್ಟಿನ ಅರ್ಧ ಮುಗಿದ ದಿನ ಉಳಿದ ಕೆಲಸ ಎಣಿಸಿ, ಮೀರುವಂತಿದ್ದರೆ ಅಂದೇ ಫೋನ್ ಮಾಡುತ್ತೇನೆ. ಹುಡುಗರು ಕೂತಷ್ಟೂ ಗಂಟೆ ಬರೆಯಬೇಕು.

2024ರ ಮಾರ್ಚ್ 31 ಭಾನುವಾರವಾಗಿತ್ತು. ಸುಲಿಯುವ ಕೆಲಸ ಇರಲಿಲ್ಲ. ಕಾಪುವಿನ ತೂಕ ಎರಡೂವರೆ ಗಂಟೆಯಲ್ಲಿ ಮುಗಿಯಿತು.