ಅಗ್ಗದ ಸಾಲದ ಬೆಲೆ ಎಷ್ಟು?



ಕೋಲಾರದ ಕಡೆ ತರಕಾರಿಗೊಂದು ಶೈತ್ಯಾಗಾರ ಕಟ್ಟುವ ಕಂಪನಿಯೊಂದನ್ನು ಕಲ್ಪಿಸಿಕೊಳ್ಳೋಣ. ವೆಚ್ಚ 3 ಕೋಟಿ, ಅದರಲ್ಲಿ 2 ಕೋಟಿ ಸಾಲ. 2020ರಲ್ಲಿ ಶುರುವಾದ ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿ ಯೋಜನೆಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಗರಿಷ್ಠ 7 ವರ್ಷ ಶೇ 3ರಷ್ಟು ಬಡ್ಡಿ ಸಹಾಯಧನವಿದೆ. ಮಾರುಕಟ್ಟೆ ಬಡ್ಡಿ ಶೇ 9 ಎಂದಿಟ್ಟುಕೊಂಡರೆ, ಕಂಪನಿಯ ಕೈಯಿಂದ ಹೋಗುವುದು ಶೇ 6.

ಎಳೆಯ ಲೆಕ್ಕಿಗರು ಮಾಡುವುದೇನೆಂದರೆ, ಆ 6ನ್ನು ಬಂಡವಾಳದ ಸರಾಸರಿ ವೆಚ್ಚದೊಳಗೆ ಸೇರಿಸಿ, ಬಂದ ದರದಿಂದ ಇಡೀ ಯೋಜನೆಯನ್ನು ಅಳೆದುಬಿಡುತ್ತಾರೆ. ಸಹಾಯಧನ ಸಿಗುವುದು 7 ವರ್ಷ, ಶೈತ್ಯಾಗಾರ ನಡೆಯುವುದು 20 ವರ್ಷ. ಉಳಿದ 13 ವರ್ಷಕ್ಕೂ ಸರ್ಕಾರದ ಕೊಡುಗೆ ಪುಕ್ಕಟೆಯಾಗಿ ಹರಿದಂತಾಯಿತು!

ಸ್ಟೀವರ್ಟ್ ಮೈಯರ್ಸ್ 1974ರಲ್ಲಿ ಮುಂದಿಟ್ಟ ಎಪಿವಿ ವಿಧಾನ ಯೋಜನೆಯ ಮೌಲ್ಯವನ್ನೂ ಸಾಲದ ಲಾಭವನ್ನೂ ಬೇರೆಬೇರೆಯಾಗಿ ಬಿಡಿಸಿಡುತ್ತದೆ. ಮೊದಲು ಸಾಲವೇ ಇಲ್ಲ, ಪೂರ್ತಿ ಸ್ವಂತ ದುಡ್ಡು ಎಂದುಕೊಂಡು, ವ್ಯವಹಾರದ ಅಪಾಯಕ್ಕೆ ತಕ್ಕ ದರದಲ್ಲಿ ನಿವ್ವಳ ವರ್ತಮಾನ ಮೌಲ್ಯ ತೆಗೆಯಬೇಕು. ಇಲ್ಲಿ ಅದು 20 ಲಕ್ಷ ನಷ್ಟ ಎಂದಿರಲಿ. ಸಾಲದಿಂದ ಬರುವ ಲಾಭಗಳನ್ನು ಆಮೇಲೆ ಒಂದೊಂದಾಗಿ ಕೂಡಿಸಬೇಕು.

ಮೊದಲನೆಯದು ಸಹಾಯಧನ. ಅಸಲನ್ನು 7 ಸಮ ಕಂತುಗಳಲ್ಲಿ ತೀರಿಸಿದರೆ ಮೊದಲ ವರ್ಷ 6 ಲಕ್ಷ ಬಡ್ಡಿ ಉಳಿಯುತ್ತದೆ. ಬಾಕಿ ಕರಗಿದಂತೆ ಉಳಿತಾಯವೂ ಕರಗಿ ಕೊನೆಯ ವರ್ಷ 86 ಸಾವಿರಕ್ಕೆ ಇಳಿಯುತ್ತದೆ. ಇವನ್ನು ಇಂದಿನ ಬೆಲೆಗೆ ತರುವ ದರ ಶೇ 9, 6 ಅಲ್ಲ. ಸಾಲದ ಪಾವತಿಗಳನ್ನು 6ರಲ್ಲೇ ಅಳೆದರೆ ಅವುಗಳ ಮೌಲ್ಯ ಸರಿಯಾಗಿ 2 ಕೋಟಿಗೇ ಬಂದು ನಿಂತು, ಸಹಾಯಧನ ಲೆಕ್ಕದಿಂದಲೇ ಮಾಯವಾಗುತ್ತದೆ. 9ರಲ್ಲಿ ಅಳೆದರೆ ಸಿಗುವುದು ಸುಮಾರು 18.7 ಲಕ್ಷ. ಅಸಲನ್ನೆಲ್ಲ ಕೊನೆಗೆ ಒಮ್ಮೆಲೇ ಕಟ್ಟುವ ಸಾಲವಾಗಿದ್ದರೆ ಇದೇ ಮೊತ್ತ 30 ಲಕ್ಷ ದಾಟುತ್ತಿತ್ತು. ಹಾಗಾಗಿ ಬಡ್ಡಿ ದರಕ್ಕಿಂತ ಮೊದಲು ಕಂತಿನ ಪಟ್ಟಿ ಕೇಳುವುದು ಜಾಣತನ.

ಎರಡನೆಯದು ಬಡ್ಡಿಯಿಂದಾಗುವ ತೆರಿಗೆ ಉಳಿತಾಯ. ಇದನ್ನು ಕಂಪನಿ ನಿಜವಾಗಿ ಕಟ್ಟುವ 6ರ ಬಡ್ಡಿಯ ಮೇಲೆ ಹಿಡಿಯಬೇಕು. 9ರ ಮೇಲೆ ಹಿಡಿದರೆ ಕಟ್ಟದ ಬಡ್ಡಿಗೂ ತೆರಿಗೆ ಉಳಿಸಿದಂತೆ ತೋರುತ್ತದೆ. ತೆರಿಗೆ ಶೇ 25 ಆದರೆ ಇದರ ಇಂದಿನ ಮೌಲ್ಯ ಸುಮಾರು 9.4 ಲಕ್ಷ.

ನಷ್ಟದ 20ಕ್ಕೆ 18.7 ಮತ್ತು 9.4 ಸೇರಿದರೆ 8.1 ಲಕ್ಷ ಲಾಭ. ಸಾಲದ ಶುಲ್ಕಗಳಿದ್ದರೆ ಅದರಲ್ಲೇ ಕಳೆಯಬೇಕು. ಒಂದು ಎಚ್ಚರ: ಈ ಸಹಾಯಧನದ ಸಾಲ ಕಂಪನಿಯ ಬೇರೊಂದು ಕೆಲಸಕ್ಕೂ ಹೇಗಿದ್ದರೂ ಸಿಗುವಂತಿದ್ದರೆ, ಆ 18.7 ಲಕ್ಷವನ್ನು ಶೈತ್ಯಾಗಾರದ ಖಾತೆಗೆ ಬರೆಯುವಂತಿಲ್ಲ.

ಇದೇ ಶೈತ್ಯಾಗಾರವನ್ನು ಆದಾಯ ತೆರಿಗೆ ಕಟ್ಟಬೇಕಿಲ್ಲದ ಸಹಕಾರ ಸಂಘವೊಂದು ಕಟ್ಟುತ್ತದೆ, ಸಾಲವಿಲ್ಲದ ಲೆಕ್ಕದಲ್ಲಿ ಅದಕ್ಕೂ ಅದೇ 20 ಲಕ್ಷ ನಷ್ಟ ಎನ್ನೋಣ. ಅದಕ್ಕೆ 9.4 ಲಕ್ಷದ ಸಾಲು ಇರುವುದೇ ಇಲ್ಲ. ಉಳಿಯುವುದು 1.3 ಲಕ್ಷ ನಷ್ಟ. ಕಂಪನಿಯೂ ಮೊದಲ ವರ್ಷಗಳಲ್ಲಿ ಲಾಭ ಕಾಣದಿದ್ದರೆ ತೆರಿಗೆ ಉಳಿತಾಯ ಮುಂದಕ್ಕೆ ಹೋಗಿ, 8.1 ಲಕ್ಷ ಸವೆಯುತ್ತದೆ.