ಮೂರು ಕಡೆ ಸಾಚಾ ಹುಣ್ಣು

ಗುಬ್ಬಿ ಕಡೆಯ ತೆಂಗಿನ ತೋಟದ ಯಜಮಾನರು ತುಮಕೂರಿನಲ್ಲಿ ನನ್ನೆದುರು ಕೂತಿದ್ದರೂ ಮಾತೆಲ್ಲ ಕುಣಿಗಲ್ಲಿನ ಅಳಿಯನದೇ. "ಬಯಾಪ್ಸಿ ಆಗಿದೆ ಸಾರ್, ಕ್ಯಾನ್ಸರ್ ಇಲ್ಲ ಅಂತ ಬರ್ದವ್ರೆ. ಮಾತ್ರೆಗೆ ಹೊಟ್ಟೆನೋವೂ ಹೋಗೈತೆ. ಮತ್ಯಾಕೆ ಪೈಪು?" ಮಂಡಿನೋವಿಗೆಂದು ಮೆಡಿಕಲ್ ಸ್ಟೋರಿನಿಂದ ವರ್ಷಗಟ್ಟಲೆ ಡೈಕ್ಲೋಫೆನಾಕ್ ತಂದುಕೊಟ್ಟವನೂ ಈ ಅಳಿಯನೇ. ಆ ಮಾತ್ರೆಯಿಂದಲೇ ಜಠರದ ಹುಣ್ಣು ಎಂದು ಹಿಂದೆ ನೋಡಿದವರೂ ಕೈ ತೊಳೆದುಕೊಂಡಿದ್ದರು.

ಅವರು ತಂದಿದ್ದ ಹಿಂದಿನ ಎಂಡೋಸ್ಕೋಪಿ ಚಿತ್ರ ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹುಣ್ಣಿನ ಮೇಲೆ ಹಳದಿ ಲೋಳೆ ಹಾಗೇ ಇದೆ, ನೀರು ಬಿಟ್ಟು ತೊಳೆದೇ ಇಲ್ಲ. ಅಂಚು ಕಾಣದ ಚಿತ್ರದಿಂದ ಏನು ಹೇಳುವುದು? ಬಯಾಪ್ಸಿಗೆ ತೆಗೆದದ್ದು ಎರಡೇ ಚೂರು, ಅದೂ ತಳದಿಂದ. ತಳದಲ್ಲಿ ಹೆಚ್ಚಾಗಿ ಸಿಗುವುದು ಸತ್ತ ಅಂಗಾಂಶ. ಗಡ್ಡೆಯ ಜೀವಂತ ಕೋಶಗಳು ಇರುವುದು ಅಂಚಿನಲ್ಲಿ.

ಅಳಿಯ ಗೊಣಗುತ್ತಲೇ ಸಹಿ ಹಾಕಿದ. ಒಳಗೆ ಯಜಮಾನರು ಓಕರಿಸುತ್ತಿದ್ದರು, ತುಂಬಿದ ಗಾಳಿಯೆಲ್ಲ ತೇಗಿನಲ್ಲಿ ಹೊರಗೆ. ಗಾಳಿ ಕಡಿಮೆಯಾದರೆ ಒಳ್ಳೆಯ ಅಂಚೂ ಉಬ್ಬಿದಂತೆ ಕಾಣುತ್ತದೆ, ಹೆಚ್ಚಾದರೆ ಮಡಿಕೆಗಳು ಚಪ್ಪಟೆಯಾಗಿ ಅಳಿಸಿಹೋಗುತ್ತವೆ. ಹದ ಸಿಗುವವರೆಗೆ ಕಾಯಬೇಕಾಯಿತು. ಹುಣ್ಣು ಇದ್ದದ್ದು ಜಠರದ ಒಳಬಾಗಿನ ಮೂಲೆಯಲ್ಲಿ. ಅಲ್ಲಿಗೆ ಸ್ಕೋಪನ್ನು ಹಿಂದಕ್ಕೆ ಬಗ್ಗಿಸಿಯೇ ಸರಿಯಾಗಿ ನೋಡಬೇಕು. ತೊಳೆದೆ. ತಳ ಬಹುಪಾಲು ಬೆಳ್ಳಗೆ, ಸಮತಟ್ಟಾಗಿತ್ತು. ಮೂರು ಕಡೆ ಅಂಚು ನಯ. ಮಡಿಕೆಗಳು ಕ್ರಮೇಣ ಸಣ್ಣಗಾಗುತ್ತ ಹುಣ್ಣಿನ ಬಾಯಿಯವರೆಗೂ ಬಂದಿದ್ದವು. ಸಾಚಾ ಹುಣ್ಣಿನ ಲಕ್ಷಣಗಳೇ. ಒಂದು ಕ್ಷಣ, ಅಳಿಯನೇ ಗೆದ್ದನೇನೋ ಅನ್ನಿಸಿತು.

ನಾಲ್ಕನೆಯ ಕಡೆ ತಿರುಗಿಸಿದೆ. ಅಲ್ಲಿ ಅಂಚು ಗಂಟುಗಂಟಾಗಿ ಎದ್ದಿತ್ತು, ಎತ್ತರ ಒಂದೇ ಸಮವಿಲ್ಲ. ಎರಡು ಮಡಿಕೆಗಳು ಬಾಯಿಗೆ ಮುಟ್ಟುವ ಮೊದಲೇ ತಟ್ಟನೆ ನಿಂತಿದ್ದವು. ಒಂದರ ತುದಿ ಬೆಂಕಿಕಡ್ಡಿಯ ತಲೆಯಂತೆ ದಪ್ಪ. ಪಕ್ಕದ ತಳ ಕಂದುಬಣ್ಣ, ಉಬ್ಬುತಗ್ಗು. ಫೋರ್ಸೆಪ್ಸ್ ತಾಗಿಸಿದರೆ ಅಂಚು ಗಟ್ಟಿ, ಮುಟ್ಟಿದ್ದಕ್ಕೇ ರಕ್ತ ಜಿನುಗಿತು. ಸುತ್ತ ನಾಲ್ಕೂ ದಿಕ್ಕಿನ ಅಂಚಿನಿಂದ, ಅದರಲ್ಲೂ ಈ ಕಡೆಯಿಂದ ಹೆಚ್ಚಾಗಿ, ಒಟ್ಟು ಎಂಟು ಚೂರು ತೆಗೆದೆ. ದಿಕ್ಕಿಗೊಂದು ಡಬ್ಬಿ, ಚೀಟಿಯ ಮೇಲೆ ಜಾಗದ ಹೆಸರು.

ಮೂರು ಡಬ್ಬಿಗಳಲ್ಲಿ ಬರೀ ಉರಿಯೂತ. ನಾಲ್ಕನೆಯದರಲ್ಲಿ ಅಡಿನೋಕಾರ್ಸಿನೋಮ.

"ಹಂಗಾದ್ರೆ ಮಾತ್ರೆಗೆ ನೋವು ಹೆಂಗೆ ಹೋಯ್ತು?" ಅಂತ ಅಳಿಯ ನನ್ನ ಮೇಲೇ ರೇಗಿದ. ಆಮ್ಲ ತಗ್ಗಿಸುವ ಮಾತ್ರೆಗೆ ಕ್ಯಾನ್ಸರ್ ಹುಣ್ಣಿನ ನೋವೂ ಇಳಿಯುತ್ತದೆ, ಕೆಲವೊಮ್ಮೆ ಹುಣ್ಣೂ ಕುಗ್ಗಿ ಮೇಲೆ ಪೊರೆ ಕಟ್ಟುತ್ತದೆ. ಕೇಳಿಸಿಕೊಂಡನೋ ಇಲ್ಲವೋ, ಮಾವನನ್ನು ಬೆಂಗಳೂರಿಗೆ ಆಪರೇಷನ್ನಿಗೆ ಕರೆದುಕೊಂಡು ಹೋದವನೂ ಅವನೇ.

ಚಿತ್ರ ಹಿಡಿದು ಬರುವವರಿಗೆ ಹೇಳುವುದಿಷ್ಟೇ: ತೊಳೆದ ಮೇಲಿನ ಚಿತ್ರ ಕೇಳಿ, ಅಂಚಿನ ಇಡೀ ಸುತ್ತು ಅದರಲ್ಲಿ ಇದೆಯೇ ನೋಡಿ, ಚೂರು ಎಲ್ಲಿಂದ, ಎಷ್ಟು ತೆಗೆದರು ಎಂದು ವಿಚಾರಿಸಿ. ನಾಲ್ಕೂ ಕಡೆ ನಯವಾಗಿ ಕಂಡ ಹುಣ್ಣಿನೊಳಗೂ ಆರಂಭದ ಕ್ಯಾನ್ಸರ್ ಅಡಗಿರಬಹುದು. ಅದಕ್ಕೇ 8ರಿಂದ 12 ವಾರಗಳಲ್ಲಿ ಮತ್ತೆ ಬರಬೇಕಾದ ದಿನಾಂಕವನ್ನು ನಾನು ಬಯಾಪ್ಸಿ ವರದಿ ಬರುವ ಮೊದಲೇ ಚೀಟಿಯಲ್ಲಿ ಬರೆದುಕೊಡುತ್ತೇನೆ.